ಒಂದೇ ಮಗ್ಗುಲೋ, ಎದುರು ಮಗ್ಗುಲೋ

ರೇಷ್ಮೆಯ ಬಿತ್ತನೆ ಕೋಠಿಗೆ ಬೆಳಗಿನ ಹೊತ್ತು ಹೋದವರಿಗೆ ಈ ನೋಟ ಹೊಸದಲ್ಲ. ಗೂಡು ಸೀಳಿ ಹೊರಬಂದ ಹೆಣ್ಣು ಚಿಟ್ಟೆ ಇದ್ದಲ್ಲೇ ಕೂತು ಹೊಟ್ಟೆಯ ತುದಿಯಿಂದ ಪುಟ್ಟ ಗ್ರಂಥಿಯೊಂದನ್ನು ಹೊರಚಾಚುತ್ತದೆ. ತುಸು ದೂರದಲ್ಲಿ ಸುಮ್ಮನಿದ್ದ ಗಂಡು ಚಿಟ್ಟೆಗೆ ಏಕಾಏಕಿ ಜೀವ ಬರುತ್ತದೆ. ರೆಕ್ಕೆಗಳನ್ನು ಪಟಪಟನೆ ಬಡಿಯುತ್ತಾ, ಹಾರಲಾರದಿದ್ದರೂ ತಟ್ಟೆಯ ಮೇಲೆ ಗರಗರನೆ ಸುತ್ತುತ್ತಾ ಅದು ಹೆಣ್ಣಿನತ್ತ ಧಾವಿಸುತ್ತದೆ. ನಮ್ಮ ಮೂಗಿಗೆ ಏನೂ ತಿಳಿಯುವುದಿಲ್ಲ. ಗಂಡಿನ ಗರಿಯಂಥ ಮೀಸೆಗೆ ಮಾತ್ರ ಎಲ್ಲವೂ ತಿಳಿದಿರುತ್ತದೆ.

ಆ ಕರೆಯ ಹಿಂದಿರುವ ರಾಸಾಯನಿಕವನ್ನು ಹಿಡಿದವರು ಜರ್ಮನಿಯ ಅಡಾಲ್ಫ್ ಬ್ಯೂಟೆನಾಂಟ್ ಮತ್ತು ಅವರ ಸಂಗಡಿಗರು. ಸುಮಾರು ಇಪ್ಪತ್ತು ವರ್ಷ ದುಡಿದು, ಐದು ಲಕ್ಷದಷ್ಟು ಹೆಣ್ಣು ಚಿಟ್ಟೆಗಳ ಗ್ರಂಥಿಗಳಿಂದ ಅವರು ಕೆಲವೇ ಮಿಲಿಗ್ರಾಂ ವಸ್ತುವನ್ನು ಶುದ್ಧೀಕರಿಸಿದರು. 1959ರಲ್ಲಿ ಅದನ್ನು ಲೋಕಕ್ಕೆ ತಿಳಿಸಿ, ರೇಷ್ಮೆ ಹುಳುವಿನ ಶಾಸ್ತ್ರೀಯ ಹೆಸರಾದ ಬಾಂಬಿಕ್ಸ್‌ನಿಂದ ಅದಕ್ಕೆ ಬಾಂಬಿಕಾಲ್ ಎಂದು ಹೆಸರಿಟ್ಟರು. ಕೀಟವೊಂದರ ಫೆರೊಮೋನ್‌ನ ರಚನೆ ಮನುಷ್ಯನಿಗೆ ತಿಳಿದದ್ದು ಅದೇ ಮೊದಲು.

ಬಾಂಬಿಕಾಲ್ ನೋಡಲು ಸರಳವಾದ ಅಣು. ಹದಿನಾರು ಇಂಗಾಲಗಳ ಒಂದು ಸರಪಣಿ, ಅದರ ಒಂದು ತುದಿಯಲ್ಲಿ ಆಲ್ಕೊಹಾಲ್ ಗುಂಪು. ಆ ತುದಿಯಿಂದ ಎಣಿಸಿದರೆ ಹತ್ತನೆಯ ಇಂಗಾಲದಲ್ಲಿ ಒಂದು ದ್ವಿಬಂಧ, ಹನ್ನೆರಡನೆಯದರಲ್ಲಿ ಇನ್ನೊಂದು. ತೊಡಕು ಇರುವುದು ಆ ದ್ವಿಬಂಧಗಳಲ್ಲೇ. ಎರಡು ಹಲಗೆಗಳನ್ನು ಒಂದೇ ಮೊಳೆ ಹೊಡೆದು ಜೋಡಿಸಿದರೆ ಅವು ಆ ಮೊಳೆಯ ಸುತ್ತ ತಿರುಗುತ್ತವೆ. ಎರಡು ಮೊಳೆ ಹೊಡೆದರೆ ತಿರುಗುವುದಿಲ್ಲ. ಇಂಗಾಲಗಳ ನಡುವಿನ ಒಂಟಿ ಬಂಧ ಮೊದಲಿನದರಂತೆ, ದ್ವಿಬಂಧ ಎರಡನೆಯದರಂತೆ. ಹಾಗಾಗಿ ದ್ವಿಬಂಧದ ಎರಡು ಕಡೆಯಿಂದ ಹೊರಡುವ ಸರಪಣಿಗಳು ಒಂದೇ ಮಗ್ಗುಲಿಗೆ ಇದ್ದರೆ ಅಲ್ಲೇ ಉಳಿಯುತ್ತವೆ, ಎದುರು ಮಗ್ಗುಲಿಗೆ ಇದ್ದರೆ ಹಾಗೆಯೇ ಇರುತ್ತವೆ. ಒಂದೇ ಮಗ್ಗುಲಿನದನ್ನು ಸಿಸ್ ಎಂದೂ ಎದುರು ಮಗ್ಗುಲಿನದನ್ನು ಟ್ರಾನ್ಸ್ ಎಂದೂ ಪಿಯುಸಿ ಪುಸ್ತಕದಲ್ಲಿ ಓದಿದ ನೆನಪು ಹಲವರಿಗಿರಬಹುದು. ರಸಾಯನಜ್ಞರು ಈಗ ಬಳಸುವ Z ಮತ್ತು E ಅಕ್ಷರಗಳು ಇಲ್ಲಿ ಅದನ್ನೇ ಹೇಳುತ್ತವೆ. ಸಿಸ್ ಆದರೆ ಸರಪಣಿ ಅಲ್ಲಿ ಮೊಣಕೈಯಂತೆ ಬಾಗುತ್ತದೆ, ಟ್ರಾನ್ಸ್ ಆದರೆ ಹೆಚ್ಚುಕಡಿಮೆ ನೇರವಾಗಿ ಸಾಗುತ್ತದೆ.

ಎರಡು ದ್ವಿಬಂಧ ಇರುವುದರಿಂದ ಬಾಂಬಿಕಾಲ್ ನಾಲ್ಕು ಆಕಾರಗಳಲ್ಲಿ ಇರಬಲ್ಲದು. ಹೆಣ್ಣು ಚಿಟ್ಟೆ ತಯಾರಿಸುವುದು ಒಂದನ್ನೇ: ಹತ್ತನೆಯದು ಟ್ರಾನ್ಸ್, ಹನ್ನೆರಡನೆಯದು ಸಿಸ್. ಅದನ್ನು ಪ್ರಯೋಗಾಲಯದಲ್ಲಿ ಮಾಡಬೇಕೆಂದರೆ ಪಕ್ಕಪಕ್ಕದಲ್ಲೇ ಇರುವ ಎರಡು ದ್ವಿಬಂಧಗಳಲ್ಲಿ ಒಂದನ್ನು ನೇರವಾಗಿಯೂ ಇನ್ನೊಂದನ್ನು ಬಾಗಿದಂತೆಯೂ ಕಟ್ಟಬೇಕು. ಎರಡನ್ನೂ ಒಂದೇ ಬಗೆಯ ಕ್ರಿಯೆಯಿಂದ ಕಟ್ಟಬಹುದು ಎಂಬುದೇ ನನಗೆ ಈ ರಸಾಯನದಲ್ಲಿ ಅತಿ ಸುಂದರವಾಗಿ ಕಾಣುವ ಸಂಗತಿ.

ಆ ಕ್ರಿಯೆಗೆ ವಿಟಿಗ್ ಕ್ರಿಯೆ ಎಂದು ಹೆಸರು. ಗೇಯೋರ್ಗ್ ವಿಟಿಗ್ ಅದನ್ನು ಹುಡುಕಿಕೊಂಡು ಹೋದವರಲ್ಲ. ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಅವರ ತಲೆಯಲ್ಲಿದ್ದದ್ದು ಬೇರೆಯೇ ಪ್ರಶ್ನೆ: ರಂಜಕದ ಒಂದು ಪರಮಾಣುವಿಗೆ ಐದು ಇಂಗಾಲ ಗುಂಪುಗಳನ್ನು ಕಟ್ಟಲು ಸಾಧ್ಯವೇ? ಆ ದಾರಿಯಲ್ಲಿ ಅವರ ಕೈಗೆ ಸಿಕ್ಕಿದ್ದು ಇಲೈಡ್ ಎಂಬ ವಸ್ತು. ಇದರಲ್ಲಿ ಧನ ವಿದ್ಯುದಂಶವುಳ್ಳ ರಂಜಕ ಮತ್ತು ಋಣ ವಿದ್ಯುದಂಶವುಳ್ಳ ಇಂಗಾಲ ಅಕ್ಕಪಕ್ಕದಲ್ಲೇ ಅಂಟಿಕೊಂಡಿರುತ್ತವೆ. ಅದನ್ನು ಬೆಂಜೊಫೀನೋನ್ ಎಂಬ ಕೀಟೋನಿನ ಜೊತೆ ಸೇರಿಸಿದಾಗ ಕೀಟೋನಿನ ಆಮ್ಲಜನಕ ಮಾಯವಾಗಿ ಅದೇ ಜಾಗದಲ್ಲಿ ಇಂಗಾಲದ ದ್ವಿಬಂಧ ಬಂದು ಕೂತಿತ್ತು. ಆಮ್ಲಜನಕ ಹೋಗಿ ಸೇರಿದ್ದು ರಂಜಕವನ್ನು. ಇದು 1953ರಲ್ಲಿ ಪ್ರಕಟವಾಯಿತು. ಮರುವರ್ಷ ವಿಟಿಗ್ ಮತ್ತು ಶೋಲ್‌ಕಾಫ್ ಇದನ್ನೇ ಆಲ್ಕೀನ್ ತಯಾರಿಕೆಯ ವಿಧಾನವಾಗಿ ಮುಂದಿಟ್ಟರು. ವಿಟಿಗ್ ಅವರಿಗೆ 1979ರಲ್ಲಿ ನೊಬೆಲ್ ಬಂದಾಗ ವಯಸ್ಸು 82.

ರಸಾಯನಜ್ಞರು ಇದಕ್ಕೆ ಮನಸೋತದ್ದು ದ್ವಿಬಂಧ ಕೂರುವ ಜಾಗದ ಖಚಿತತೆಗಾಗಿ. ಅದಕ್ಕೂ ಮುಂಚೆ ಆಲ್ಕೀನ್ ಮಾಡಲು ಆಲ್ಕೊಹಾಲಿನಿಂದ ನೀರನ್ನು ಕಿತ್ತುಹಾಕುವುದು ವಾಡಿಕೆಯಾಗಿತ್ತು. ಆಗ ದ್ವಿಬಂಧ ಈ ಕಡೆಗೋ ಆ ಕಡೆಗೋ ಸರಿದು ಮಿಶ್ರಣ ಸಿಗುತ್ತಿತ್ತು. ವಿಟಿಗ್ ಕ್ರಿಯೆಯಲ್ಲಿ ಆಲ್ಡಿಹೈಡ್ ಅಥವಾ ಕೀಟೋನಿನ ಆಮ್ಲಜನಕ ಎಲ್ಲಿತ್ತೋ ದ್ವಿಬಂಧ ಅಲ್ಲೇ. ಆದರೆ ಅದು ಸಿಸ್ ಆಗುತ್ತದೋ ಟ್ರಾನ್ಸ್ ಆಗುತ್ತದೋ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಸರಿಯಾದ ಉತ್ತರ ಸಿಗಲು ಇನ್ನೂ ಹಲವು ದಶಕ ಬೇಕಾಯಿತು.

ಬಾಂಬಿಕಾಲ್‌ಗೇ ಮರಳೋಣ. ಕೈಯಲ್ಲಿ ಹತ್ತು ಇಂಗಾಲದ ಒಂದು ಆಲ್ಡಿಹೈಡ್ ಇದೆ ಎಂದುಕೊಳ್ಳಿ. ಅದರ ಇನ್ನೊಂದು ತುದಿಯ ಆಲ್ಕೊಹಾಲ್ ಕ್ರಿಯೆಯ ನಡುವೆ ಅಡ್ಡಬಾರದಂತೆ ಅಸಿಟೇಟ್ ಮಾಡಿ ಮುಚ್ಚಿಟ್ಟಿದ್ದೇವೆ. ಇದಕ್ಕೆ ಮೊದಲು ಎರಡು ಇಂಗಾಲ ಸೇರಿಸಬೇಕು, ಆ ಜೋಡಣೆ ಟ್ರಾನ್ಸ್ ಆಗಬೇಕು. ಆಮೇಲೆ ನಾಲ್ಕು ಇಂಗಾಲ ಸೇರಿಸಬೇಕು, ಅದು ಸಿಸ್ ಆಗಬೇಕು. ಎರಡೂ ಕಡೆ ಬಳಸುವುದು ಇಲೈಡನ್ನೇ, ಆದರೆ ಎರಡೂ ಇಲೈಡ್‌ಗಳ ಸ್ವಭಾವ ಬೇರೆ.

ಮೊದಲನೆಯ ಇಲೈಡ್ ಸೌಮ್ಯವಾದದ್ದು. ಅದರ ಋಣ ವಿದ್ಯುದಂಶದ ಇಂಗಾಲಕ್ಕೆ ತಾಗಿಕೊಂಡೇ ಇನ್ನೊಂದು ಆಲ್ಡಿಹೈಡ್ ಗುಂಪಿದೆ. ಋಣ ವಿದ್ಯುದಂಶ ಆ ಗುಂಪಿನ ಆಮ್ಲಜನಕದವರೆಗೂ ಹಂಚಿಹೋಗುವುದರಿಂದ ಇಲೈಡ್ ಶಾಂತವಾಗಿರುತ್ತದೆ. ಇಂಥದ್ದನ್ನು ಸ್ಥಿರ ಇಲೈಡ್ ಎನ್ನುತ್ತಾರೆ. ಇದು ಪುಡಿಯ ರೂಪದಲ್ಲಿ ಬಾಟಲಿಯಲ್ಲಿ ಸಿಗುತ್ತದೆ, ಕಪಾಟಿನಲ್ಲಿ ಇಡಬಹುದು, ಗಾಳಿಗೆ ಹೆದರಬೇಕಿಲ್ಲ. ಆಲ್ಡಿಹೈಡ್ ಜೊತೆ ಬಿಸಿಮಾಡಿದರೆ ನಿಧಾನವಾಗಿ ಸೇರಿ, ಬಹುಪಾಲು ಟ್ರಾನ್ಸ್ ದ್ವಿಬಂಧವನ್ನೇ ಕೊಡುತ್ತದೆ. ಇಲ್ಲಿ ಒಂದು ಎಚ್ಚರ ಬೇಕು. ಹುಟ್ಟಿದ ಹೊಸ ವಸ್ತುವೂ ಆಲ್ಡಿಹೈಡೇ. ಇಲೈಡನ್ನು ಹೆಚ್ಚಾಗಿ ಸುರಿದು ಹೆಚ್ಚು ಹೊತ್ತು ಬಿಸಿಮಾಡಿದರೆ ಅದು ಮತ್ತೊಮ್ಮೆ ಸೇರಿ ಹದಿನಾಲ್ಕು ಇಂಗಾಲದ ಬೇಡದ ಸರಪಣಿ ಬೆಳೆಯುತ್ತದೆ. ಅದಕ್ಕೇ ಹಲವರು ಆಲ್ಡಿಹೈಡಿನ ಬದಲು ಎಸ್ಟರ್ ಗುಂಪು ಇರುವ ಇಲೈಡ್ ಬಳಸಿ, ಆಮೇಲೆ ಆ ಎಸ್ಟರನ್ನು ಆಲ್ಡಿಹೈಡ್ ಮಾಡಿಕೊಳ್ಳುತ್ತಾರೆ. ದಾರಿ ಉದ್ದ, ಆದರೆ ನೆಮ್ಮದಿ ಜಾಸ್ತಿ.

ಎರಡನೆಯ ಇಲೈಡ್ ಉಗ್ರವಾದದ್ದು. ಅದರ ಇಂಗಾಲದ ಪಕ್ಕ ಇರುವುದು ಬರೀ ಸಾದಾ ಸರಪಣಿ, ಋಣ ವಿದ್ಯುದಂಶವನ್ನು ಹಂಚಿಕೊಳ್ಳುವವರು ಯಾರೂ ಇಲ್ಲ. ಬಾಟಲಿಯಲ್ಲಿ ಇಡುವ ಮಾತೇ ಇಲ್ಲ, ಬೇಕಾದಾಗ ಪಾತ್ರೆಯಲ್ಲೇ ಹುಟ್ಟಿಸಿಕೊಳ್ಳಬೇಕು. ಟ್ರೈಫೀನೈಲ್‌ಫಾಸ್ಫೀನ್ ಮತ್ತು ಬ್ರೋಮೋಬ್ಯೂಟೇನ್ ಎರಡನ್ನೂ ಕುದಿಸಿದರೆ ಬಿಳಿ ಉಪ್ಪೊಂದು ಸಿಗುತ್ತದೆ. ಹತ್ತು ಮಿಲಿಮೋಲ್ ಆಲ್ಡಿಹೈಡ್ ಅಂದರೆ ನಮ್ಮ ಹನ್ನೆರಡು ಇಂಗಾಲದ ಅಸಿಟೇಟ್ ಸುಮಾರು 2.4 ಗ್ರಾಂ. ಅದಕ್ಕೆ ಈ ಉಪ್ಪು ತುಸು ಹೆಚ್ಚೇ ಇರಲಿ ಎಂದು ಹನ್ನೆರಡು ಮಿಲಿಮೋಲ್, ಅಂದರೆ ಸುಮಾರು 4.8 ಗ್ರಾಂ ತೆಗೆದುಕೊಳ್ಳೋಣ. ಚೆನ್ನಾಗಿ ಒಣಗಿಸಿದ ಉಪ್ಪನ್ನು ನೀರಿನ ಸುಳಿವೂ ಇಲ್ಲದ ಟೆಟ್ರಾಹೈಡ್ರೋಫ್ಯೂರಾನ್ ದ್ರಾವಕದಲ್ಲಿ ಕಲಕುತ್ತಾ, ಗಾಳಿ ಸೋಕದಂತೆ ಸಾರಜನಕದ ಹೊದಿಕೆಯಡಿಯಲ್ಲಿ ಸೋಡಿಯಂ ಹೆಕ್ಸಾಮೀಥೈಲ್‌ಡೈಸಿಲಜೈಡ್ ಎಂಬ ಪ್ರಬಲ ಪ್ರತ್ಯಾಮ್ಲವನ್ನು ಹಾಕಬೇಕು. ಅದನ್ನು ಉಪ್ಪಿಗಿಂತ ಒಂದು ಕೂದಲಷ್ಟು ಕಡಿಮೆಯೇ ಹಾಕುವುದು ವಾಸಿ, ಮಿಕ್ಕ ಪ್ರತ್ಯಾಮ್ಲ ಆಲ್ಡಿಹೈಡನ್ನು ಕೆಡಿಸಬಹುದು. ಬಿಳಿ ಗಂಜಿಯಂತಿದ್ದದ್ದು ನೋಡನೋಡುತ್ತ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣವೇ ಇಲೈಡ್.

ಇದೇ ಹಂತದಲ್ಲಿ ನಾನು ವಿದ್ಯಾರ್ಥಿಯಾಗಿದ್ದಾಗ ಒಂದು ಇಡೀ ದಿನ ಕಳೆದುಕೊಂಡಿದ್ದೆ. ಪ್ರತ್ಯಾಮ್ಲದ ಪ್ರತಿ ಹನಿಗೂ ಬಣ್ಣ ಮೂಡುತ್ತಿತ್ತು, ಕ್ಷಣದಲ್ಲೇ ಮಾಯವಾಗುತ್ತಿತ್ತು. ದ್ರಾವಕದಲ್ಲಿ ನೀರಿತ್ತು. ಇಲೈಡ್ ಹುಟ್ಟಿದ್ದೇ ನೀರಿನ ಜೊತೆ ಸೇರಿ ಸಾಯುತ್ತಿತ್ತು. ಬಣ್ಣ ನಿಂತರೆ ಮಾತ್ರ ಮುಂದಕ್ಕೆ ಹೋಗಬೇಕು ಎಂಬ ಪಾಠವನ್ನು ಅಂದಿನಿಂದ ಮರೆತಿಲ್ಲ.

ಬಣ್ಣ ನಿಂತ ಮೇಲೆ ಪಾತ್ರೆಯನ್ನು ಒಣಮಂಜಿನಲ್ಲಿಟ್ಟು ಸೊನ್ನೆಗಿಂತ 78 ಡಿಗ್ರಿ ಸೆಲ್ಸಿಯಸ್ ಕೆಳಗೆ ತಣಿಸಿ, ಆಲ್ಡಿಹೈಡನ್ನು ಹನಿಹನಿಯಾಗಿ ಬಿಡಬೇಕು. ಕಿತ್ತಳೆ ಬಣ್ಣ ತಿಳಿಯಾಗುತ್ತಾ ಬರುತ್ತದೆ. ಮೆಲ್ಲಗೆ ಕೋಣೆಯ ತಾಪಕ್ಕೆ ತಂದಾಗ ಹದಿನಾರು ಇಂಗಾಲದ ಸರಪಣಿ ಸಿದ್ಧ, ಹೊಸ ದ್ವಿಬಂಧ ಬಹುಪಾಲು ಸಿಸ್.

ಸೌಮ್ಯ ಇಲೈಡ್‌ನಿಂದ ಟ್ರಾನ್ಸ್, ಉಗ್ರ ಇಲೈಡ್‌ನಿಂದ ಸಿಸ್. ಕಾಲೇಜಿನಲ್ಲಿ ಇದನ್ನು ಬಾಯಿಪಾಠ ಮಾಡಿಸುತ್ತಾರೆ, ನಿಯಮವೂ ಸರಿಯೇ. ಅದರ ಜೊತೆ ಹಲವು ಪುಸ್ತಕಗಳು ಇಂದಿಗೂ ಕೊಡುವ ವಿವರಣೆಯ ಬಗ್ಗೆ ನನ್ನ ತಕರಾರಿದೆ. ಇಲೈಡಿನ ಇಂಗಾಲ ಮೊದಲು ಆಲ್ಡಿಹೈಡಿನ ಇಂಗಾಲವನ್ನು ಹಿಡಿದು, ಒಂದು ತುದಿಯಲ್ಲಿ ಧನ, ಇನ್ನೊಂದರಲ್ಲಿ ಋಣ ಇರುವ ಬೀಟೇನ್ ಎಂಬ ತೆರೆದ ಸರಪಣಿಯಾಗಿ ನಿಲ್ಲುತ್ತದೆ, ಆಮೇಲೆ ಅದು ಮಡಿಚಿಕೊಳ್ಳುತ್ತದೆ ಎಂದು ಅವು ಹೇಳುತ್ತವೆ. ಅಮೆರಿಕದ ಎಡ್ವಿನ್ ವೆಡೆಯ್ಸ್ 1973ರಲ್ಲಿ ಈ ಕ್ರಿಯೆಯನ್ನು ಕಡು ಚಳಿಯಲ್ಲಿ ನಡೆಸಿ, ರಂಜಕದ ಸಂಕೇತ ಹಿಡಿಯುವ ಎನ್‌ಎಂಆರ್ ಯಂತ್ರದಲ್ಲಿ ಅದನ್ನು ನೇರವಾಗಿ ನೋಡಿದರು. ಕಂಡದ್ದು ಬೀಟೇನ್ ಅಲ್ಲ. ರಂಜಕ, ಆಮ್ಲಜನಕ ಮತ್ತು ಎರಡು ಇಂಗಾಲ ಸೇರಿದ ನಾಲ್ಕು ಮೂಲೆಯ ಉಂಗುರ. ಅದಕ್ಕೆ ಆಕ್ಸಾಫಾಸ್ಫಿಟೇನ್ ಎಂದು ಹೆಸರು.

ಈ ಉಂಗುರದಲ್ಲೇ ಎಲ್ಲ ಗುಟ್ಟೂ ಅಡಗಿದೆ. ಬಿಸಿ ತಾಗಿದಾಗ ಅದು ಎರಡಾಗಿ ಸೀಳುತ್ತದೆ. ರಂಜಕ ಆಮ್ಲಜನಕವನ್ನು ಹೊತ್ತುಕೊಂಡು ಒಂದು ಕಡೆ, ಎರಡು ಇಂಗಾಲಗಳು ದ್ವಿಬಂಧವಾಗಿ ಇನ್ನೊಂದು ಕಡೆ. ಸೀಳುವಾಗ ಇಂಗಾಲಗಳ ಮೇಲಿನ ಗುಂಪುಗಳಿಗೆ ಜಾಗ ಬದಲಿಸುವ ಅವಕಾಶವಿಲ್ಲ. ಉಂಗುರದ ಒಂದೇ ಮುಖದಲ್ಲಿ ಇದ್ದವು ಸಿಸ್ ಆಲ್ಕೀನ್ ಆಗುತ್ತವೆ, ಎದುರು ಮುಖಗಳಲ್ಲಿ ಇದ್ದವು ಟ್ರಾನ್ಸ್. ಆದ್ದರಿಂದ ಆಲ್ಕೀನಿನ ಆಕಾರ ತೀರ್ಮಾನವಾಗುವುದು ಆಲ್ಕೀನ್ ಹುಟ್ಟುವಾಗ ಅಲ್ಲ. ಉಂಗುರ ಮುಚ್ಚಿಕೊಳ್ಳುವ ಆ ಮೊದಲ ಸ್ಪರ್ಶದಲ್ಲೇ ಅದು ಮುಗಿದುಹೋಗಿರುತ್ತದೆ. ಹಿಂದಕ್ಕೆ ತೆರೆದುಕೊಳ್ಳಲು ಉಂಗುರಕ್ಕೆ ದಾರಿ ಇಲ್ಲದಿದ್ದರೆ ಆ ತೀರ್ಮಾನವೇ ಕೊನೆ.

ಹಾಗಾದರೆ ಉಗ್ರ ಇಲೈಡ್ ಒಂದೇ ಮುಖವನ್ನು ಯಾಕೆ ಆರಿಸಿಕೊಳ್ಳುತ್ತದೆ? ಒತ್ತೊತ್ತಾಗಿ ಇರುವ ಸಿಸ್ ಕಷ್ಟದ ಸ್ಥಿತಿ ತಾನೇ ಎಂದು ಯಾರಿಗಾದರೂ ಅನಿಸುತ್ತದೆ. ಉತ್ತರ ಆತುರದಲ್ಲಿದೆ. ಉಗ್ರ ಇಲೈಡ್ ಆಲ್ಡಿಹೈಡನ್ನು ದೂರದಿಂದಲೇ ಹಿಡಿಯತೊಡಗುತ್ತದೆ. ಇಂಗಾಲ ಇಂಗಾಲವನ್ನು ಹಿಡಿಯುವ ಆ ಗಳಿಗೆಯಲ್ಲಿ ರಂಜಕ ಮತ್ತು ಆಮ್ಲಜನಕ ಇನ್ನೂ ದೂರದಲ್ಲೇ ಇರುತ್ತವೆ, ಉಂಗುರ ಇನ್ನೂ ಚಪ್ಪಟೆಯಾಗಿರುವುದಿಲ್ಲ, ಓರೆಯಾಗಿ ಮಡಿಚಿಕೊಂಡಿರುತ್ತದೆ. ರಂಜಕದ ಮೇಲೆ ಮೂರು ದಪ್ಪ ಫೀನೈಲ್ ಗುಂಪುಗಳು ಜಾಗ ತುಂಬಿಕೊಂಡಿವೆ. ಕಿಕ್ಕಿರಿದ ಬಸ್ಸಿಗೆ ಹತ್ತುವವರು ಭುಜ ಓರೆ ಮಾಡಿಕೊಂಡು ನುಸುಳುವಂತೆ, ಆಲ್ಡಿಹೈಡಿನ ಸರಪಣಿ ಆ ಫೀನೈಲ್‌ಗಳಿಂದಲೂ ಇಲೈಡಿನ ಸರಪಣಿಯಿಂದಲೂ ದೂರವಿರುವ ಓರೆ ದಾರಿಯನ್ನು ಹಿಡಿಯುತ್ತದೆ. ಆ ಓರೆಯಲ್ಲಿ ಎರಡು ಸರಪಣಿಗಳಿಗೂ ಒಂದನ್ನೊಂದು ತಾಕದೆ ಒಂದೇ ಮುಖದಲ್ಲಿ ಇರಲು ಸಾಧ್ಯ. ಉಂಗುರ ಚಪ್ಪಟೆಯಾಗಿ ಕೂತಾಗ ಒತ್ತು ಬೀಳುತ್ತದೆ ನಿಜ, ಅಷ್ಟರಲ್ಲಿ ಬಾಗಿಲು ಮುಚ್ಚಿಯಾಗಿರುತ್ತದೆ.

ಸೌಮ್ಯ ಇಲೈಡಿಗೆ ಆ ಆತುರವಿಲ್ಲ. ಆಲ್ಡಿಹೈಡಿಗೆ ತೀರಾ ಹತ್ತಿರ ಬಂದ ಮೇಲೆಯೇ ಅದರ ಬಂಧ ಏರ್ಪಡುತ್ತದೆ. ಆ ಹೊತ್ತಿಗೆ ಉಂಗುರ ಬಹುತೇಕ ಚಪ್ಪಟೆಯಾಗಿದ್ದು, ಒಂದೇ ಮುಖದಲ್ಲಿರುವ ಗುಂಪುಗಳು ಒಂದನ್ನೊಂದು ತಳ್ಳುತ್ತವೆ. ಜೊತೆಗೆ ಇನ್ನೊಂದು ಕಾರಣ ಉಂಟು, ಅದು ಗಣಕ ಲೆಕ್ಕಾಚಾರಗಳಿಂದ ಈ ಶತಮಾನದಲ್ಲಷ್ಟೇ ಸ್ಪಷ್ಟವಾಯಿತು. ಇಲೈಡಿನ ಕಾರ್ಬೊನಿಲ್ ಗುಂಪಿಗೂ ಆಲ್ಡಿಹೈಡಿನ ಕಾರ್ಬೊನಿಲ್ ಗುಂಪಿಗೂ ಧನ ಋಣ ತುದಿಗಳಿವೆ. ಎರಡು ಅಯಸ್ಕಾಂತಗಳನ್ನು ಪಕ್ಕಪಕ್ಕ ಇಟ್ಟರೆ ತಲೆಕೆಳಗಾಗಿ ಹೊಂದಿಕೊಳ್ಳುವಂತೆ, ಇವೂ ಎದುರುಬದುರು ದಿಕ್ಕಿಗೆ ನಿಲ್ಲುತ್ತವೆ. ಆ ನಿಲುವು ಕೊಂಡೊಯ್ಯುವುದು ಟ್ರಾನ್ಸ್ ಉಂಗುರಕ್ಕೆ. ಇವೆರಡರ ನಡುವಿನ ಸ್ವಭಾವದ ಇಲೈಡ್‌ಗಳೂ ಇವೆ, ಉದಾಹರಣೆಗೆ ಪಕ್ಕದಲ್ಲಿ ಬೆಂಜೀನ್ ಉಂಗುರ ಇರುವಂಥವು. ಅವು ಕೊಡುವುದು ಎರಡರ ಮಿಶ್ರಣ, ಬಾಂಬಿಕಾಲ್‌ನಂಥ ಕೆಲಸಕ್ಕೆ ಒದಗುವುದಿಲ್ಲ.

ಉಗ್ರ ಇಲೈಡಿಗೆ ಸೋಡಿಯಂ ಪ್ರತ್ಯಾಮ್ಲವನ್ನೇ ಯಾಕೆ ಹಾಕಿದೆವು ಎಂಬುದಕ್ಕೂ ಇಲ್ಲೇ ಉತ್ತರವಿದೆ. ಬ್ಯೂಟೈಲ್ ಲಿಥಿಯಂ ಎಂಬ ಪ್ರತ್ಯಾಮ್ಲ ಎಲ್ಲ ಪ್ರಯೋಗಾಲಯಗಳಲ್ಲೂ ಸಿಗುತ್ತದೆ, ಅದೂ ಇಲೈಡನ್ನು ಚೆನ್ನಾಗಿಯೇ ಹುಟ್ಟಿಸುತ್ತದೆ. ಆದರೆ ದ್ರಾವಣದಲ್ಲಿ ಲಿಥಿಯಂ ಉಳಿಯುತ್ತದೆ. ಆಮ್ಲಜನಕವನ್ನು ಕಂಡರೆ ಅದಕ್ಕೆ ಬಲು ಮೋಹ. ನಾಲ್ಕು ಮೂಲೆಯ ಉಂಗುರದ ಆಮ್ಲಜನಕವನ್ನು ಹಿಡಿದೆಳೆದು ಅದು ಉಂಗುರವನ್ನು ಬಿಚ್ಚಿಬಿಡುತ್ತದೆ. ಪುಸ್ತಕಗಳು ಹೇಳುವ ಬೀಟೇನ್ ನಿಜವಾಗಿ ಹುಟ್ಟುವುದು ಇಂಥ ಕಡೆ. ಬಿಚ್ಚಿಕೊಂಡದ್ದು ಹಿಂದಕ್ಕೆ ಹೋಗಿ ಮತ್ತೆ ಸೇರಲು, ಹೆಚ್ಚು ಹಾಯಾದ ಟ್ರಾನ್ಸ್ ಕಡೆಗೆ ಜಾರಲು ದಾರಿ ಸಿಗುತ್ತದೆ. ಮೊದಲ ಸ್ಪರ್ಶದ ತೀರ್ಮಾನ ಅಷ್ಟರಮಟ್ಟಿಗೆ ಅಳಿಸಿಹೋಗುತ್ತದೆ. ಬೆಂಜಾಲ್ಡಿಹೈಡಿನಂಥ ಆಲ್ಡಿಹೈಡ್‌ಗಳಲ್ಲಿ ಈ ಜಾರುವಿಕೆ ಇನ್ನೂ ಹೆಚ್ಚು. ಸೋಡಿಯಂ ಅಥವಾ ಪೊಟ್ಯಾಸಿಯಂ ಬಳಸಿದರೆ ಈ ತೊಂದರೆ ಬಹಳ ಕಡಿಮೆ.

ಇದೇ ದೋಷವನ್ನು ಮ್ಯಾನ್‌ಫ್ರೆಡ್ ಶ್ಲೋಸರ್ 1966ರಲ್ಲಿ ಉಪಾಯವಾಗಿ ಮಾಡಿಕೊಂಡರು. ಉಗ್ರ ಇಲೈಡ್‌ನಿಂದಲೇ ಟ್ರಾನ್ಸ್ ಬೇಕೆಂದರೆ ಏನು ಮಾಡುವುದು? ಅವರು ಬೇಕೆಂದೇ ಲಿಥಿಯಂ ತುಂಬಿದರು. ಉಂಗುರ ಬಿಚ್ಚಿ ಬೀಟೇನ್ ಆಗಿ ನಿಂತಾಗ, ಕಡು ಚಳಿಯಲ್ಲೇ ಮತ್ತೊಂದು ಪಾಲು ಪ್ರಬಲ ಪ್ರತ್ಯಾಮ್ಲ ಹಾಕಿ ರಂಜಕದ ಪಕ್ಕದ ಇಂಗಾಲದಿಂದ ಒಂದು ಜಲಜನಕವನ್ನು ಕಿತ್ತರು. ಈಗ ಆ ಇಂಗಾಲಕ್ಕೆ ತನ್ನ ಹಳೆಯ ನಿಲುವು ನೆನಪಿಲ್ಲ. ಆಮೇಲೆ ಲೆಕ್ಕ ಹಾಕಿ ಆಮ್ಲ ಕೊಟ್ಟರೆ ಅದು ಹಾಯಾದ ಟ್ರಾನ್ಸ್ ನಿಲುವಿನಲ್ಲಿ ಜಲಜನಕವನ್ನು ಮರಳಿ ಪಡೆಯುತ್ತದೆ. ಕೊನೆಯಲ್ಲಿ ಪೊಟ್ಯಾಸಿಯಂ ಪ್ರತ್ಯಾಮ್ಲ ಹಾಕಿ ಲಿಥಿಯಂನ ಹಿಡಿತ ತಪ್ಪಿಸಿದರೆ ಉಂಗುರ ಮುಚ್ಚಿ, ಸೀಳಿ, ಟ್ರಾನ್ಸ್ ಆಲ್ಕೀನ್ ಬರುತ್ತದೆ.

ಕೀಟೋನ್‌ಗಳ ವಿಷಯದಲ್ಲಿ ಇಷ್ಟು ಭರವಸೆ ಕೊಡಲಾಗದು. ಆಲ್ಡಿಹೈಡಿನ ಒಂದು ಮಗ್ಗುಲಲ್ಲಿ ಸರಪಣಿ, ಇನ್ನೊಂದರಲ್ಲಿ ಪುಟ್ಟ ಜಲಜನಕ, ಆದ್ದರಿಂದ ಯಾವ ಕಡೆ ಓರೆಯಾಗಬೇಕು ಎಂಬುದು ಸ್ಪಷ್ಟ. ಕೀಟೋನಿನ ಎರಡೂ ಮಗ್ಗುಲಲ್ಲಿ ಸರಪಣಿಗಳೇ. ಅವು ಹೆಚ್ಚುಕಡಿಮೆ ಒಂದೇ ದಪ್ಪ ಇದ್ದರೆ ಆಯ್ಕೆಗೆ ಆಧಾರವೇ ಇಲ್ಲ, ಮಿಶ್ರಣವೇ ಗತಿ. ಸ್ಥಿರ ಇಲೈಡ್‌ಗಳಂತೂ ಸಾಮಾನ್ಯ ಕೀಟೋನುಗಳನ್ನು ತಿರುಗಿಯೂ ನೋಡುವುದಿಲ್ಲ. ಅಲ್ಲಿ ರಂಜಕದ ಮೇಲೆ ಫೀನೈಲ್‌ಗಳ ಬದಲು ಆಮ್ಲಜನಕ ಗುಂಪುಗಳಿರುವ ಫಾಸ್ಫೊನೇಟ್‌ಗಳ ಮೊರೆ ಹೋಗಬೇಕು. ಹಾರ್ನರ್, ವಾಡ್ಸ್‌ವರ್ತ್, ಎಮನ್ಸ್ ಎಂಬ ಮೂವರ ಹೆಸರಿನ ಆ ಕ್ರಿಯೆಗೆ ಹೆಚ್ಚಿನ ಕಸುವಿದೆ. ಅದರಿಂದ ಉಳಿಯುವ ರಂಜಕದ ಕಸ ನೀರಿನಲ್ಲಿ ಕರಗಿ ತೊಳೆದುಹೋಗುತ್ತದೆ.

ವಿಟಿಗ್ ಕ್ರಿಯೆಯ ಕಸ ಹಾಗೆ ತೊಳೆದುಹೋಗುವುದಿಲ್ಲ. ನಮ್ಮ ಲೆಕ್ಕದಲ್ಲಿ ಹತ್ತು ಮಿಲಿಮೋಲ್ ಬಾಂಬಿಕಾಲ್ ಅಸಿಟೇಟ್ ಪೂರ್ತಿ ಸಿಕ್ಕರೂ ಅದರ ತೂಕ 2.8 ಗ್ರಾಂ. ಅದರ ಜೊತೆಗೇ ಹುಟ್ಟುವ ಟ್ರೈಫೀನೈಲ್‌ಫಾಸ್ಫೀನ್ ಆಕ್ಸೈಡ್ ಕೂಡ 2.8 ಗ್ರಾಂ. ಬೇಕಾದದ್ದರಷ್ಟೇ ಬೇಡದ್ದು. ಅದೃಷ್ಟಕ್ಕೆ ಬಾಂಬಿಕಾಲ್ ಎಣ್ಣೆಯಂಥ ವಸ್ತು, ಹೆಕ್ಸೇನ್‌ನಲ್ಲಿ ಸಲೀಸಾಗಿ ಕರಗುತ್ತದೆ. ಆಕ್ಸೈಡ್ ಕರಗುವುದು ಕಷ್ಟ. ದ್ರಾವಕವನ್ನೆಲ್ಲ ಆವಿ ಮಾಡಿ ಹೆಕ್ಸೇನ್ ಸುರಿದು ಕಲಕಿದರೆ ಆಕ್ಸೈಡ್ ಬಿಳಿ ಹರಳಾಗಿ ಕೂರುತ್ತದೆ, ಸೋಸಿ ತೆಗೆಯಬಹುದು. ಅಂಟಿಕೊಂಡು ಉಳಿದದ್ದಕ್ಕೆ ಸಿಲಿಕಾ ಕಾಲಮ್ ಬೇಕು. ಅಸಿಟೇಟ್ ಬಿಚ್ಚಿದ ಮೇಲೆ ಸಿಗುವ ಬಾಂಬಿಕಾಲ್ ಹೆಚ್ಚೆಂದರೆ 2.4 ಗ್ರಾಂ.

ಆಕಾರ ಸರಿಯಾಗಿದೆಯೇ ಎಂದು ತಿಳಿಯಲು ಕಣ್ಣು ಸಾಲದು, ಮತ್ತೆ ಎನ್‌ಎಂಆರ್ ಬೇಕು. ದ್ವಿಬಂಧದ ಎರಡು ಇಂಗಾಲಗಳ ಮೇಲಿನ ಜಲಜನಕಗಳು ಒಂದರ ಸಂಕೇತವನ್ನು ಇನ್ನೊಂದು ಸೀಳುತ್ತವೆ. ಅವು ಒಂದೇ ಮಗ್ಗುಲಲ್ಲಿದ್ದರೆ ಸೀಳಿನ ಅಗಲ ಸುಮಾರು 11 ಹರ್ಟ್ಸ್, ಎದುರು ಮಗ್ಗುಲಲ್ಲಿದ್ದರೆ ಸುಮಾರು 15. ಬಾಂಬಿಕಾಲ್‌ನಲ್ಲಿ ಎರಡೂ ಕಾಣಬೇಕು. ತಯಾರಾದದ್ದನ್ನು ಬೆಳಕಿನಿಂದ, ಅದಕ್ಕಿಂತ ಮುಖ್ಯವಾಗಿ ಅಯೋಡಿನ್‌ನ ಸುಳಿವಿನಿಂದಲೂ ದೂರವಿಡಬೇಕು. ಇಲ್ಲದಿದ್ದರೆ ಕಷ್ಟಪಟ್ಟು ಕಟ್ಟಿದ ಸಿಸ್ ತಾನಾಗಿಯೇ ಟ್ರಾನ್ಸ್ ಕಡೆಗೆ ಹೊರಳುತ್ತದೆ.

ಬ್ಯೂಟೆನಾಂಟ್ ಅವರ ಬಳಿ ಇದಕ್ಕಿಂತ ಸೂಕ್ಷ್ಮವಾದ ಸಾಧನವೊಂದಿತ್ತು. ಅವರ ತಂಡ ನಾಲ್ಕೂ ಆಕಾರಗಳನ್ನು ಸಂಶ್ಲೇಷಿಸಿತು. ಪ್ರತಿಯೊಂದನ್ನೂ ತೆಳು ದ್ರಾವಣ ಮಾಡಿ, ಗಾಜಿನ ಕಡ್ಡಿ ಅದ್ದಿ ಗಂಡು ಚಿಟ್ಟೆಯ ಮೀಸೆಯ ಹತ್ತಿರ ಹಿಡಿದರು. ಮೂರು ಆಕಾರಗಳಿಗೆ ಚಿಟ್ಟೆ ಹಂದಾಡಬೇಕಾದರೆ ದ್ರಾವಣ ಬಹಳ ಗಟ್ಟಿಯಾಗಿರಬೇಕಾಯಿತು. ಹತ್ತರಲ್ಲಿ ಟ್ರಾನ್ಸ್, ಹನ್ನೆರಡರಲ್ಲಿ ಸಿಸ್ ಇದ್ದ ನಾಲ್ಕನೆಯದನ್ನು ಅವರು ಮತ್ತೆ ಮತ್ತೆ ತೆಳುಮಾಡುತ್ತಲೇ ಹೋದರು, ಕಡ್ಡಿ ಹತ್ತಿರ ಬಂದಾಗಲೆಲ್ಲ ಗಂಡು ಚಿಟ್ಟೆ ರೆಕ್ಕೆ ಬಡಿಯುತ್ತಲೇ ಇತ್ತು.